ಅಂಕಿಯ ಜೊತೆ ಅಳತೆ

ಗುಳೇದಗುಡ್ಡದ ಖಣವನ್ನು ಕುರಿತು ಉಪನ್ಯಾಸಮಾಡಲಿರುವ ತರುಣನೊಬ್ಬನು ಸ್ಲೈಡಿನ ಸ್ಕ್ರೀನ್‌ಶಾಟನ್ನು ನಮಗೆ ತೋರಿಸಿದನು. ಅದರಲ್ಲಿ ಖಣದ ವರ್ಣನೆಯ ನಡುವೆ ಎರಡು ನಮೂದುಗಳಿದ್ದುವು: ಹತ್ತಿ 2/80 ಕೌಂಟು, ರೇಷ್ಮೆ 20/22 ಡೆನಿಯರ್. ಅವನ ಟಿಪ್ಪಣಿಯಲ್ಲಿ ಉಳಿದುದು 'ಹತ್ತಿ 80, ರೇಷ್ಮೆ 20' ಎಂದಷ್ಟೆ. ಮಗ್ಗದವರು ಕೇಳಿದರೆ ನಗದಿರುವರೇ?

ಕೌಂಟು ಏರಿದಷ್ಟೂ ನೂಲು ಸಣ್ಣ. ಡೆನಿಯರ್ ಏರಿದಷ್ಟೂ ದಪ್ಪ. ಅಳತೆಯ ಹೆಸರು ಬಿಟ್ಟರೆ ಎರಡೂ ಒಂದೇ ತಕ್ಕಡಿಯವೆಂದು ತೋರುವುದು. ಓರೆಗೆರೆಗೂ ಇಲ್ಲಿ ಎರಡರ್ಥ. ಮೊದಲನೆಯದು 80ರ ಎರಡೆಳೆ ಹೊಸೆದ ನೂಲು. ಎರಡನೆಯದು 20ರಿಂದ 22ರವರೆಗಿನ ವ್ಯಾಪ್ತಿ. ಭಿನ್ನರಾಶಿಯಂತೆ ಓದಿದರೆ ಎರಡೂ ಕೆಟ್ಟುವು.

ಆದುದರಿಂದ ಮೊದಲು ಪಟವನ್ನು ಹಿಗ್ಗಿಸಿ, ಪ್ರತಿ ಅಂಕಿಯನ್ನೂ ಅದರ ಅಳತೆಯೊಡನೆ ಬೇರೆ ಹಾಳೆಯಲ್ಲಿ ಬರೆದು ಎಣಿಸತಕ್ಕದ್ದು. ಅನಂತರ ವರ್ಣನೆಯ ಮಾತನ್ನು ಬೇಕಾದಷ್ಟು ಕತ್ತರಿಸಬಹುದು. ಹೀಗೆ: "ಹತ್ತಿ 2/80 ಕೌಂಟು, ಅಂದರೆ 80ರ ಎರಡೆಳೆ. ರೇಷ್ಮೆ 20/22 ಡೆನಿಯರ್, ಅಂದರೆ 9000 ಮೀಟರಿಗೆ 20ರಿಂದ 22 ಗ್ರಾಂ." ಕಡೆಗೆ ಹಾಳೆಯ ಒಂದೊಂದು ನಮೂದನ್ನೂ ಟಿಪ್ಪಣಿಯಲ್ಲಿ ಹುಡುಕಿ ಗುರುತುಹಾಕಬೇಕು. 9000 ಮೀಟರು ಪಟದಲ್ಲಿಲ್ಲ. ವಿವರಣೆಗಾಗಿ ನಾವು ಸೇರಿಸಿದುದು. ಅಂಥದನ್ನು ಕಂಸದಲ್ಲಿಡುವುದು ಲೇಸು. ಪಟದಲ್ಲಿ 3, 8ರಂತಹ ಅಂಕಿ ಮಸುಕಾಗಿದ್ದರೆ ಊಹಿಸದೆ ಮೂಲ ಸ್ಲೈಡನ್ನೇ ತರಿಸಿ ನೋಡಬೇಕು.