ಮೊದಲು ಉಸಿರು ಎಣಿಸಿ

ಪಿ.ಜೆ. ಬಡಾವಣೆಯಲ್ಲಿರೋ ಅಪ್ಪ ಫೋನಲ್ಲಿ "ಬರೇ ಜ್ವರ, ಕೆಮ್ಮು ಬಿಡಪಾ" ಅಂದ್ರೆ, ಒಂದು ನಿಮಿಷ ಅವರ ಉಸಿರು ಎಣಿಸೋಕೆ ಅಮ್ಮನಿಗೆ ಹೇಳಿ.

ನ್ಯುಮೋನಿಯಾದಲ್ಲಿ ಶ್ವಾಸಕೋಶದ ಗಾಳಿಚೀಲಗಳಲ್ಲಿ ಕೀವು, ನೀರು ತುಂಬುತ್ತೆ. ಎಕ್ಸ್-ರೇಯಲ್ಲಿ ಕಪ್ಪಗಿರಬೇಕಾದ ಆ ಜಾಗ ಬೆಳ್ಳಗೆ ಕಾಣುತ್ತೆ. ಆದರೆ ಅಡ್ಮಿಟ್ ಆಗ್ಬೇಕಾ ಅನ್ನೋದನ್ನ ಎಕ್ಸ್-ರೇ ಒಂದೇ ಹೇಳಲ್ಲ. ವೈದ್ಯರು ನಾಲ್ಕು ಅಂಶ ನೋಡ್ತಾರೆ, ಪ್ರತಿಯೊಂದಕ್ಕೂ ಒಂದು ಅಂಕ: ಹೊಸದಾಗಿ ಶುರುವಾದ ಗೊಂದಲ, ನಿಮಿಷಕ್ಕೆ 30 ಅಥವಾ ಹೆಚ್ಚು ಉಸಿರು, ತೀರಾ ಇಳಿದ ಬಿಪಿ (ಮೇಲಿನದು 90ಕ್ಕಿಂತ ಕಡಿಮೆ, ಇಲ್ಲವೇ ಕೆಳಗಿನದು 60 ಮೀರದಿದ್ದರೆ), ವಯಸ್ಸು 65 ಅಥವಾ ಹೆಚ್ಚು.

ಅಪ್ಪನಿಗೆ 70, ಉಸಿರು 32, ಬಿಪಿ 110/70, ಮಾತು ಸರಿಯಿದೆ ಅಂದ್ಕೊಳ್ಳಿ. ಅಂಕ 2. ಚಿಗಟೇರಿ ಜಿಲ್ಲಾಸ್ಪತ್ರೆಗೋ ಬಾಪೂಜಿಗೋ ಇವತ್ತೇ ಹೊರಡಬೇಕು. ಸೊನ್ನೆ ಬಂದವರಿಗೆ ಸಾಮಾನ್ಯವಾಗಿ ವೈದ್ಯರು ಕೊಟ್ಟ ಮಾತ್ರೆ ಸಾಕು, ಮನೆಯಲ್ಲೇ ಆರೈಕೆ. ಆಕ್ಸಿಮೀಟರ್ 92ಕ್ಕಿಂತ ಕಡಿಮೆ ತೋರಿಸಿದ್ರೆ ಮಾತ್ರ ಅಂಕ ಲೆಕ್ಕ ಹಾಕ್ತಾ ಕೂರಬೇಡಿ.