ಅರ್ಧ ದಾಖಲಾದ ಮಾತಿಗೆ ನೀವು ಹಾಕಿದ ಕೊನೆ

ಮಾನ್ಯ ಸಂಪಾದಕರೇ,

ಮುಲುಂಡಿನ ನಮ್ಮ ಹಳೆಯ ಕಟ್ಟಡದ ರೀಡೆವಲಪ್‌ಮೆಂಟ್ ಬಗ್ಗೆ ನಿಮ್ಮ ವರದಿಗಾರರು ನನಗೆ ಫೋನ್ ಮಾಡಿದಾಗ ನಾನು ಲೋಕಲ್ ಟ್ರೇನಿನಲ್ಲಿದ್ದೆ. ರೆಕಾರ್ಡ್ ಮಾಡಿಕೊಳ್ಳಲೇ ಎಂದು ಕೇಳಿದರು, ಒಪ್ಪಿದೆ. ಅದರಲ್ಲಿ ಉಳಿದಿರುವುದು ಇಷ್ಟೇ: ‘ಕರಾರು ನೋಂದಣಿಯಾಗುವ ಮೊದಲೇ ಮನೆ ಖಾಲಿ ಮಾಡುತ್ತೇವೆ ಅಂತ ನಮ್ಮ ಸೊಸೈಟಿ ಬಿಲ್ಡರಿಗೆ...’ ಅಷ್ಟರಲ್ಲಿ ಪಕ್ಕದ ಹಳಿಯ ಗಾಡಿಯ ಸದ್ದು, ಆಮೇಲೆ ಲೈನ್ ಕಟ್. ಮರುದಿನ ಪತ್ರಿಕೆಯಲ್ಲಿ, ಉದ್ಧರಣ ಚಿಹ್ನೆಯೊಳಗೇ, ‘ಮಾತು ಕೊಟ್ಟಿದೆ’ ಎಂದು ಆ ವಾಕ್ಯ ಮುಗಿದಿತ್ತು. ನಾನು ಹೇಳಿದ್ದು ‘ಯಾವತ್ತೂ ಹೇಳಿಲ್ಲ’ ಎಂದು. ನನ್ನ ಮೇಲೆ ನಂಬಿಕೆಯಿಟ್ಟಿದ್ದ ಹಿರಿಯ ಸದಸ್ಯರು ಆ ಪತ್ರಿಕೆ ಹಿಡಿದು ನನ್ನ ಬಾಗಿಲಿಗೆ ಬಂದರು.

ಕನ್ನಡದಲ್ಲಿ ಕ್ರಿಯಾಪದ ಬರುವುದು ಕೊನೆಗೆ. ಹೌದೋ ಅಲ್ಲವೋ, ಹೇಳಿಕೆಯೋ ಪ್ರಶ್ನೆಯೋ ಎಂಬುದು ತೀರ್ಮಾನವಾಗುವುದೂ ಬಹಳ ಸಲ ಅಲ್ಲೇ. ಆದ್ದರಿಂದ ತುದಿ ಕಡಿದ ಕನ್ನಡ ವಾಕ್ಯವನ್ನು ಸಂದರ್ಭ ನೋಡಿ ತುಂಬುತ್ತೇವೆ ಎನ್ನುವುದು ಬರೀ ಊಹೆ. ಊಹೆ ಸರಿಯಾಗಿದ್ದರೂ ಅದು ವರದಿಗಾರರ ಮಾತೇ ಹೊರತು ನನ್ನದಲ್ಲ. ಚಿಹ್ನೆಯೊಳಗೆ ಅದಕ್ಕೆ ಜಾಗವಿಲ್ಲ.

ಇಂಥ ಹೊತ್ತಿನಲ್ಲಿ ಮೊದಲು ಮಾಡಬೇಕಾದದ್ದು ಮತ್ತೆ ಫೋನ್. ಆದರೆ ‘ಮಾತು ಕೊಟ್ಟಿದೆ ಅಂದಿರಲ್ಲವೇ?’ ಎಂದು ಕೇಳಬಾರದು. ಅವಸರದಲ್ಲಿರುವವರು ಅದಕ್ಕೆ ಹೂಂ ಅಂದುಬಿಡುತ್ತಾರೆ. ಕೇಳಿಸಿದಷ್ಟನ್ನು ಓದಿ, ‘ಮುಂದೆ ಏನು ಹೇಳಿದಿರಿ?’ ಎಂದು ಸುಮ್ಮನಾಗಬೇಕು. ಆಗ ಸಿಗುವ ಉತ್ತರವನ್ನೂ ಹಳೆಯ ವಾಕ್ಯಕ್ಕೆ ಹೊಲಿಯದೆ, ‘ಬಳಿಕ ಸ್ಪಷ್ಟಪಡಿಸಿದರು’ ಎಂದು ಬೇರೆಯಾಗಿ ಬರೆಯಬೇಕು. ಹೀಗೆ ನನ್ನನ್ನು ಮತ್ತೆ ಕೇಳುವುದರಿಂದ ವರದಿಯನ್ನು ತಿದ್ದುವ ಅಧಿಕಾರವೇನೂ ನನಗೆ ಬರುವುದಿಲ್ಲ. ವರದಿಗಾರರ ಟಿಪ್ಪಣಿಯಲ್ಲಿ ಆಶಯವಷ್ಟೇ ಇದ್ದರೆ ಅದನ್ನು ಚಿಹ್ನೆಯಿಲ್ಲದೆ ತಮ್ಮ ಮಾತಿನಲ್ಲಿ ಬರೆಯಲಿ. ನಾನು ಸಿಗಲೇ ಇಲ್ಲ, ಟಿಪ್ಪಣಿಯೂ ಇಲ್ಲ ಎಂದರೆ ಆ ವಾಕ್ಯವನ್ನು ಪೂರ್ತಿ ಬಿಡಬೇಕು. ಮೂರು ಚುಕ್ಕಿ ಇಟ್ಟು ಅರ್ಧ ಅಚ್ಚುಹಾಕಿದರೂ ನನ್ನ ವಿಷಯದಲ್ಲಿ ಓದುಗರು ತಪ್ಪೇ ತಿಳಿಯುತ್ತಿದ್ದರು.

ಅಮೆರಿಕದ ಸುಪ್ರೀಂ ಕೋರ್ಟ್ 1991ರಲ್ಲಿ, ಮನೋವಿಶ್ಲೇಷಕ ಜೆಫ್ರಿ ಮ್ಯಾಸನ್ ‘ನ್ಯೂಯಾರ್ಕರ್’ ಪತ್ರಿಕೆಯ ಮೇಲೆ ಹೂಡಿದ ಮೊಕದ್ದಮೆಯಲ್ಲಿ, ಮಾತು ಬದಲಾದ ಮಾತ್ರಕ್ಕೆ ಹೊಣೆ ಬರುವುದಿಲ್ಲ, ಅರ್ಥ ಗಣನೀಯವಾಗಿ ಬದಲಾಗಿರಬೇಕು ಎಂದಿತು. ಪತ್ರಿಕೆಗಳಿಗೆ ಅನುಕೂಲವಾದ ಆ ಅಳತೆಯಲ್ಲಿ ಇಟ್ಟು ನೋಡಿದರೂ ನಿಮ್ಮ ವಾಕ್ಯ ನಿಲ್ಲುವುದಿಲ್ಲ. ‘ಇಲ್ಲ’ ಎಂಬುದು ‘ಇದೆ’ ಆಗಿದೆ.

ದಿನಪತ್ರಿಕೆಯ ವಿರುದ್ಧ ಭಾರತೀಯ ಪತ್ರಿಕಾ ಮಂಡಳಿಗೆ ಹೋಗಲು ಪ್ರಕಟಣೆಯಿಂದ ಎರಡು ತಿಂಗಳ ಅವಧಿಯಿದೆ. ಅದಕ್ಕೂ ಮೊದಲು ಸಂಪಾದಕರಿಗೆ ಬರೆಯಬೇಕೆಂಬುದು ನಿಯಮ, ಅದರಂತೆ ಬರೆಯುತ್ತಿದ್ದೇನೆ. ಮೂಲ ಧ್ವನಿಮುದ್ರಿಕೆಯನ್ನು ಕತ್ತರಿಸದೆ ಕಾಪಾಡಿ, ನೀವೇ ಕೂತು ಒಮ್ಮೆ ಕೇಳಿ. ವರದಿ ಬಂದ ಪುಟದಲ್ಲೇ, ‘ಮಾತು ಕೊಟ್ಟಿದೆ’ ಎಂಬುದು ಧ್ವನಿಮುದ್ರಿಕೆಯಲ್ಲಿ ಇರಲಿಲ್ಲ, ನಮ್ಮವರು ಸೇರಿಸಿದ್ದು ಎಂದು ಸ್ಪಷ್ಟವಾಗಿ ಅಚ್ಚುಹಾಕಿ.

ಇಂತಿ,
ಹೌಸಿಂಗ್ ಸೊಸೈಟಿಯ ಕಾರ್ಯದರ್ಶಿ, ಮುಲುಂಡ್