ಶುಲ್ಕವಿಲ್ಲದ ಜರ್ಮನಿ: ಹೆತ್ತವರು ಹಾಕಬೇಕಾದ ಲೆಕ್ಕ

ಶುಲ್ಕವಿಲ್ಲದೆ, ಇಂಗ್ಲಿಷಿನಲ್ಲಿಯೇ ಓದಬಹುದಾದ ಯುರೋಪಿನ ದೇಶಗಳ ಪಟ್ಟಿ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತಿದೆ. ಯುರೋಪಿನ ಹೊರಗಿನ ವಿದ್ಯಾರ್ಥಿಗಳಿಗೆ ಡೆನ್ಮಾರ್ಕ್ 2006ರಲ್ಲಿ, ಸ್ವೀಡನ್ 2011ರಲ್ಲಿ, ಫಿನ್ಲೆಂಡ್ 2017ರಲ್ಲಿ, ಕೊನೆಗೆ ನಾರ್ವೆ 2023ರಲ್ಲಿ ಬೋಧನಾ ಶುಲ್ಕ ವಿಧಿಸಿದವು. ಹಳೆಯ ಪಟ್ಟಿಯನ್ನು ಕೈಯಲ್ಲಿ ಹಿಡಿದು ಓಡಾಡುವವರು ಇದನ್ನು ಮೊದಲು ತಿಳಿಯಬೇಕು. ದೊಡ್ಡ ದೇಶಗಳ ಪೈಕಿ ಇನ್ನೂ ಬಹುಮಟ್ಟಿಗೆ ಬಾಗಿಲು ತೆರೆದಿಟ್ಟಿರುವುದು ಜರ್ಮನಿ. ಆದರೆ ಅಲ್ಲಿಯೂ ಎಲ್ಲ ಬಾಗಿಲುಗಳೂ ಒಂದೇ ತೆರನಲ್ಲ.

ಮೊದಲನೆಯದಾಗಿ, ಯಾವ ಹಂತದಲ್ಲಿ ಹೋಗುವುದು? ಜರ್ಮನಿಯ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಪದವಿ ತರಗತಿಗಳು ಹೆಚ್ಚಾಗಿ ಜರ್ಮನ್ ಭಾಷೆಯಲ್ಲಿಯೇ ನಡೆಯುತ್ತವೆ. ಇಂಗ್ಲಿಷ್ ಪಾಠಗಳು ಹೇರಳವಾಗಿರುವುದು ಸ್ನಾತಕೋತ್ತರ ಮಟ್ಟದಲ್ಲಿ. ಅಲ್ಲದೆ ನಮ್ಮ ಪ್ಲಸ್ ಟು ಅಂಕಪಟ್ಟಿಯೊಂದರಿಂದಲೇ ಅಲ್ಲಿನ ಪದವಿಗೆ ನೇರ ಪ್ರವೇಶ ಸಾಮಾನ್ಯವಾಗಿ ದೊರೆಯದು. ಆದುದರಿಂದ ಪದವಿಯನ್ನು ಕಾಸರಗೋಡಿನಲ್ಲೋ ಮಂಗಳೂರಿನಲ್ಲೋ ಮುಗಿಸಿ, ಅದೇ ವಿಷಯದಲ್ಲಿ ಸ್ನಾತಕೋತ್ತರಕ್ಕೆ ಹೋಗುವುದೇ ಖರ್ಚು ಕಡಿಮೆಯ ದಾರಿ.

ಎರಡನೆಯದು, ಯಾವ ರಾಜ್ಯ, ಯಾವ ವಿಶ್ವವಿದ್ಯಾಲಯ? ಸ್ಟುಟ್‌ಗಾರ್ಟ್, ಹೈಡೆಲ್‌ಬರ್ಗ್ ಇರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯ 2017ರಿಂದ ನಮ್ಮಂಥವರಿಂದ ಆರು ತಿಂಗಳಿಗೆ 1,500 ಯೂರೋ ಪಡೆಯುತ್ತಿದೆ. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯ 2024ರಿಂದ ಸ್ನಾತಕೋತ್ತರಕ್ಕೆ ಆರು ತಿಂಗಳಿಗೆ 4,000ದಿಂದ 6,000 ಯೂರೋ ವಿಧಿಸಿದೆ. ಉಳಿದ ಬಹುತೇಕ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ; ಸೆಮಿಸ್ಟರ್ ವಂತಿಗೆಯೆಂದು ಸುಮಾರು 100ರಿಂದ 400 ಯೂರೋ ಕಟ್ಟಿದರಾಯಿತು.

ಮೂರನೆಯದೇ ನಮ್ಮ ಮಧ್ಯಮ ವರ್ಗದ ಕುಟುಂಬಗಳು ಎಡವುವ ಜಾಗ. ವೀಸಾ ಸಿಗಬೇಕಾದರೆ ಒಂದು ವರ್ಷದ ಜೀವನ ವೆಚ್ಚವನ್ನು 'ಬ್ಲಾಕ್ಡ್ ಅಕೌಂಟ್' ಎಂಬ ಖಾತೆಯಲ್ಲಿ ಮುಂಗಡವಾಗಿ ಇಟ್ಟು ತೋರಿಸಬೇಕು. 2024ರ ಸೆಪ್ಟೆಂಬರಿನಲ್ಲಿ ನಿಗದಿಯಾದ ಮೊತ್ತ 11,904 ಯೂರೋ. ಇದು ಶುಲ್ಕವಲ್ಲ, ವಿದ್ಯಾರ್ಥಿಯದೇ ಹಣ. ಅಲ್ಲಿಗೆ ತಲಪಿದ ಮೇಲೆ ತಿಂಗಳಿಗೆ 992 ಯೂರೋದಂತೆ ಕೈಗೆ ಬರುತ್ತದೆ. ಬಾಡಿಗೆ, ಊಟ, ಆರೋಗ್ಯ ವಿಮೆ ಎಲ್ಲವೂ ಇದರೊಳಗೇ ಸಾಗಬೇಕು. 'ಅಲ್ಲಿ ಹೋಗಿ ದುಡಿದು ಓದುತ್ತೇನೆ' ಎಂಬ ಮಾತು ಇಲ್ಲಿ ನಡೆಯದು. ವರ್ಷಕ್ಕೆ 140 ಪೂರ್ಣ ದಿನ ದುಡಿಯಲು ಅನುಮತಿಯುಂಟು, ನಿಜ. ಆದರೆ ಮುಂದೆ ದುಡಿಯಬಹುದಾದ ಹಣವನ್ನು ವೀಸಾ ಅಧಿಕಾರಿಗೆ ತೋರಿಸಲಾಗದು.

ಒಂದು ಉದಾಹರಣೆಯನ್ನು ನೋಡೋಣ. ರಸಾಯನಶಾಸ್ತ್ರದ ಪದವೀಧರೆಯೊಬ್ಬಳು ಎರಡು ವರ್ಷದ ಸ್ನಾತಕೋತ್ತರಕ್ಕೆ ಹೊರಟಳೆನ್ನಿ. ಲೆಕ್ಕದ ಸುಲಭಕ್ಕೆ ಯೂರೋ ಒಂದಕ್ಕೆ 100 ರೂಪಾಯಿ ಇರಲಿ. 24 ತಿಂಗಳ ಜೀವನಕ್ಕೆ 23.8 ಲಕ್ಷ, ಸೆಮಿಸ್ಟರ್ ವಂತಿಗೆ 300 ಯೂರೋದಂತೆ ನಾಲ್ಕಕ್ಕೆ 1.2 ಲಕ್ಷ, ಒಟ್ಟು 25 ಲಕ್ಷ. ಅದೇ ಹುಡುಗಿ ಸ್ಟುಟ್‌ಗಾರ್ಟಿಗೆ ಹೋದರೆ 31 ಲಕ್ಷ. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯಕ್ಕಾದರೆ ಕನಿಷ್ಠ 41 ಲಕ್ಷ. ವಿಮಾನ ಟಿಕೆಟು, ಅರ್ಜಿಯ ಖರ್ಚು, ಇಂಗ್ಲಿಷ್ ಪರೀಕ್ಷೆಯ ಖರ್ಚು ಬೇರೆ. ಊರು ಬದಲಾದರೆ ಆರು ಲಕ್ಷದಿಂದ ಹದಿನಾರು ಲಕ್ಷದವರೆಗೆ ವ್ಯತ್ಯಾಸವಾಗುತ್ತದೆ ಎಂಬುದೇ ಇಲ್ಲಿನ ಪಾಠ. ಹೊರಡುವ ಮುನ್ನವೇ ಕೈಯಲ್ಲಿರಬೇಕಾದುದು ಮಾತ್ರ ಸುಮಾರು 12 ಲಕ್ಷ. ಇದಕ್ಕೆ ಬ್ಯಾಂಕಿನ ಸಾಲವನ್ನೇ ನೆಚ್ಚಿದವರು ಅಡಮಾನದ ಮಾತನ್ನು ಅರ್ಜಿ ಹಾಕುವ ಮೊದಲೇ ಆಡಿ ಮುಗಿಸುವುದು ಲೇಸು. ಯಾಕೆಂದರೆ ಏಳೂವರೆ ಲಕ್ಷ ಮೀರಿದ ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿಯ ಭದ್ರತೆ ಕೇಳುತ್ತವೆ.

ಇನ್ನು ಮೋಸ ಹೋಗುವ ಬಗೆ. 'ಜರ್ಮನಿಯಲ್ಲಿ ಪ್ರವೇಶ ಖಚಿತ' ಎನ್ನುವ ದಲ್ಲಾಳಿಗಳು ಅನೇಕ ಸಲ ಕಳುಹಿಸುವುದು ಶುಲ್ಕ ವಿಧಿಸುವ ಖಾಸಗಿ ಸಂಸ್ಥೆಗಳಿಗೆ. ಸರಕಾರಿ ವಿಶ್ವವಿದ್ಯಾಲಯಗಳಲ್ಲಿಯೂ ಎಂ.ಬಿ.ಎ.ಯಂಥ ತರಗತಿಗಳಿಗೆ ಸಾಮಾನ್ಯವಾಗಿ ಶುಲ್ಕವುಂಟು. ಇದನ್ನು ಪತ್ತೆಮಾಡಲು ಯಾರನ್ನೂ ಕೇಳಬೇಕಾಗಿಲ್ಲ. ಜರ್ಮನಿಯ ವಿದ್ಯಾರ್ಥಿ ವಿನಿಮಯ ಸಂಸ್ಥೆಯಾದ ಡಿ.ಎ.ಎ.ಡಿ.ಯ ಜಾಲತಾಣದಲ್ಲಿ (daad.de) ಇಂಗ್ಲಿಷ್ ತರಗತಿಗಳ ಪಟ್ಟಿ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಪ್ರತಿಯೊಂದು ತರಗತಿಯ ಕೆಳಗೂ ಬೋಧನಾ ಶುಲ್ಕದ ಸಾಲು, ಬೋಧನಾ ಭಾಷೆಯ ಸಾಲು ಇರುತ್ತವೆ. ಭಾಷೆಯ ಸಾಲಿನಲ್ಲಿ ಇಂಗ್ಲಿಷಿನೊಡನೆ ಜರ್ಮನ್ ಕೂಡ ಇದ್ದರೆ, ಜರ್ಮನ್ ಭಾಷೆಯ ಪ್ರಮಾಣಪತ್ರವನ್ನೂ ಕೇಳುವ ಸಂಭವವಿದೆ.

2022ರ ನವೆಂಬರಿನಿಂದ ಭಾರತದ ವಿದ್ಯಾರ್ಥಿಗಳು ತಮ್ಮ ಅಂಕಪಟ್ಟಿಗಳನ್ನು ಎ.ಪಿ.ಎಸ್. ಎಂಬ ಕಚೇರಿಯಿಂದ ಪರಿಶೀಲಿಸಿಕೊಂಡು ಪ್ರಮಾಣಪತ್ರ ಪಡೆದೇ ವೀಸಾಕ್ಕೆ ಹೋಗಬೇಕು. ಮುಖ್ಯ ಪ್ರವೇಶ ಅಕ್ಟೋಬರಿನಲ್ಲಿ. ಅರ್ಜಿಗಳ ಗಡುವು ಹಲವು ಕಡೆ ಜುಲೈ 15, ಕೆಲವೆಡೆ ಅದಕ್ಕೂ ಬಹಳ ಮೊದಲು. ಆದುದರಿಂದ ಕೊನೆಯ ವರ್ಷದ ಪದವಿ ತರಗತಿಗೆ ಕಾಲಿಡುವಾಗಲೇ ಈ ಕಾಗದಪತ್ರಗಳ ಕೆಲಸ ಶುರುವಾಗಬೇಕು. ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಹೊರಟವರಿಗೆ ಒಂದು ವರ್ಷ ಕೈತಪ್ಪಿತೆಂದೇ ತಿಳಿಯಬೇಕು.